ಕಾರ್ಖಾನೆಗೆ ಎಷ್ಟು ಕೆವಿಎ ಜನರೇಟರ್ ಬೇಕು?

ಕರೆಂಟು ಹೋದಾಗ ಕಾರ್ಖಾನೆಯನ್ನು ನಡೆಸಬೇಕಾದ ಡೀಸೆಲ್ ಜನರೇಟರಿನ ಗಾತ್ರವನ್ನು ಎರಡು ಲೆಕ್ಕಗಳು ತೀರ್ಮಾನಿಸುತ್ತವೆ. ಎಲ್ಲ ಯಂತ್ರಗಳೂ ಓಡುತ್ತಿರುವಾಗ ಒಟ್ಟು ಹೊರೆ ಎಷ್ಟು ಎಂಬುದು ಮೊದಲನೆಯದು. ಅಲ್ಲಿರುವ ಅತಿ ದೊಡ್ಡ ಮೋಟಾರು ಚಾಲೂ ಆಗುವಾಗ ಎಷ್ಟು ಕರೆಂಟು ಸೆಳೆಯುತ್ತದೆ, ಆಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂಬುದು ಎರಡನೆಯದು. ಮೊದಲನೆಯ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಎರಡನೆಯದು ಕೆಲವೇ ಸೆಕೆಂಡುಗಳ ವಿಷಯವಾದ್ದರಿಂದ ಹಲವು ಕಡೆ ಬಿಟ್ಟುಹೋಗುತ್ತದೆ. ಜನರೇಟರ್ ಬಂದ ಮೇಲೆ ಕಂಪ್ರೆಸರ್ ಹಾಕಿದೊಡನೆ ದೀಪ ಮಂಕಾಗುವುದು, ಕಾಂಟ್ಯಾಕ್ಟರುಗಳು ಬಿಟ್ಟುಕೊಳ್ಳುವುದು, ಸಿಎನ್‌ಸಿ ಯಂತ್ರ ಅಲಾರಂ ತೋರಿಸಿ ಅರ್ಧದಲ್ಲಿ ನಿಲ್ಲುವುದು ಇವೆಲ್ಲ ಆ ಬಿಟ್ಟುಹೋದ ಲೆಕ್ಕದ ಫಲ.

ಚಾಲೂ ಆಗುವಾಗಿನ ಸೆಳೆತ

ನಿಂತಿರುವ ಇಂಡಕ್ಷನ್ ಮೋಟಾರಿಗೆ ನೇರವಾಗಿ ಪೂರ್ಣ ವೋಲ್ಟೇಜ್ ಕೊಟ್ಟರೆ ಅದು ಓಡುವಾಗಿನ ಕರೆಂಟಿನ ಸುಮಾರು ಆರೇಳು ಪಟ್ಟು ಸೆಳೆಯುತ್ತದೆ. ರೋಟರ್ ವೇಗ ಪಡೆದಂತೆ ಈ ಸೆಳೆತ ಇಳಿಯುತ್ತದೆ. ಆದರೆ ಪೂರ್ಣ ವೇಗದ ಹತ್ತಿರ ಬರುವವರೆಗೂ ಅದು ಹೆಚ್ಚೇ ಇರುತ್ತದೆ.

415 ವೋಲ್ಟಿನ, 37 ಕಿಲೋವ್ಯಾಟ್ ಅಂದರೆ 50 ಎಚ್‌ಪಿ ಮೋಟಾರೊಂದನ್ನು ತೆಗೆದುಕೊಳ್ಳಬಹುದು. ಅದರ ದಕ್ಷತೆ ಶೇ 93, ಪವರ್ ಫ್ಯಾಕ್ಟರ್ 0.86 ಇದ್ದರೆ ಪೂರ್ಣ ಹೊರೆಯಲ್ಲಿ ಅದು ಸುಮಾರು 40 ಕಿಲೋವ್ಯಾಟ್ ವಿದ್ಯುತ್ ಬಳಸುತ್ತದೆ. ಕೆವಿಎ ಲೆಕ್ಕದಲ್ಲಿ ಇದು 46. ಚಾಲೂ ಆಗುವಾಗ ಆರೂವರೆ ಪಟ್ಟು ಎಂದು ಹಿಡಿದರೆ ಅದೇ ಮೋಟಾರಿಗೆ ಸುಮಾರು 300 ಕೆವಿಎ ಬೇಕಾಗುತ್ತದೆ. ಇದನ್ನೇ ಸ್ಟಾರ್ಟಿಂಗ್ ಕೆವಿಎ ಎನ್ನುತ್ತಾರೆ.

ಮಂಡಳಿಯ ಕರೆಂಟಿನಲ್ಲಿ ಈ ಸೆಳೆತ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಕಾರ್ಖಾನೆಯ 250 ಕೆವಿಎ ಟ್ರಾನ್ಸ್‌ಫಾರ್ಮರಿನ ಒಳತಡೆ ಶೇ 4–5ರ ಆಸುಪಾಸಿನಲ್ಲಿರುತ್ತದೆ, ಅದರ ಬೆನ್ನಿಗೆ ಇಡೀ ವಿದ್ಯುತ್ ಜಾಲ ಇರುತ್ತದೆ. ಜನರೇಟರಿನ ಭಾಗವಾದ ಆಲ್ಟರ್ನೇಟರಿನಲ್ಲಿ ಇದಕ್ಕೆ ಸಮನಾದ ತಡೆಯನ್ನು ಟ್ರಾನ್ಸಿಯೆಂಟ್ ರಿಯಾಕ್ಟೆನ್ಸ್ ಎನ್ನುತ್ತಾರೆ. ಈ ಗಾತ್ರದ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಇರುತ್ತದೆ. ತಡೆ ನಾಲ್ಕೈದು ಪಟ್ಟು ಹೆಚ್ಚಾದ್ದರಿಂದ ಅದೇ ಸೆಳೆತಕ್ಕೆ ವೋಲ್ಟೇಜ್ ಕೂಡ ಹೆಚ್ಚು ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಮೇಲೆ ಸಲೀಸಾಗಿ ಏಳುವ ಮೋಟಾರು ಜನರೇಟರಿನ ಮೇಲೆ ಏದುಸಿರು ಬಿಡುವುದು ಇದೇ ಕಾರಣಕ್ಕೆ.

ಒಂದು ಮಷಿನ್ ಶಾಪಿನ ಲೆಕ್ಕ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಮಷಿನ್ ಶಾಪನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅಲ್ಲಿ ಸಿಎನ್‌ಸಿ ಯಂತ್ರಗಳೆಲ್ಲ ಸೇರಿ 48 ಕಿಲೋವ್ಯಾಟ್, ಸಣ್ಣಪುಟ್ಟ ಮೋಟಾರುಗಳು 12, ದೀಪ ಮತ್ತು ಆಫೀಸಿನ ಬಳಕೆ 8, ಮೇಲೆ ಹೇಳಿದ 50 ಎಚ್‌ಪಿ ಮೋಟಾರಿನ ಏರ್ ಕಂಪ್ರೆಸರ್ 40 ಕಿಲೋವ್ಯಾಟ್. ಒಟ್ಟು 108 ಕಿಲೋವ್ಯಾಟ್. ಒಟ್ಟಾರೆ ಪವರ್ ಫ್ಯಾಕ್ಟರ್ 0.85 ಎಂದರೆ 127 ಕೆವಿಎ. ಜನರೇಟರಿನ ಮೇಲೆ ಶೇ 80ರಷ್ಟು ಹೊರೆ ಇರಲಿ ಎಂದುಕೊಂಡರೆ ಸುಮಾರು 159 ಕೆವಿಎ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ 160 ಕೆವಿಎ ಸೆಟ್ ಇದಕ್ಕೆ ಹೊಂದುತ್ತದೆ. 0.8 ಪವರ್ ಫ್ಯಾಕ್ಟರಿನಲ್ಲಿ ಅದು ಕೊಡಬಲ್ಲದ್ದು 128 ಕಿಲೋವ್ಯಾಟ್. ಓಡುವ ಹೊರೆಯ ಮಟ್ಟಿಗೆ ಲೆಕ್ಕ ಇಲ್ಲಿಗೆ ಮುಗಿಯಿತು.

ಇನ್ನು ಚಾಲೂ ಆಗುವ ಗಳಿಗೆಯ ಲೆಕ್ಕ. ಸ್ಟಾರ್ಟಿಂಗ್ ಕೆವಿಎಯನ್ನು ಆಲ್ಟರ್ನೇಟರಿನ ಕೆವಿಎಯಿಂದ ಭಾಗಿಸಿ, ಬಂದದ್ದನ್ನು ಟ್ರಾನ್ಸಿಯೆಂಟ್ ರಿಯಾಕ್ಟೆನ್ಸಿನಿಂದ ಗುಣಿಸಬೇಕು. ಬಂದ ಸಂಖ್ಯೆಯನ್ನು, ಅದೇ ಸಂಖ್ಯೆಗೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿದರೆ ವೋಲ್ಟೇಜ್ ಕುಸಿತದ ಅಂದಾಜು ಸಿಗುತ್ತದೆ. ರಿಯಾಕ್ಟೆನ್ಸ್ ಶೇ 20 ಇರುವ 160 ಕೆವಿಎ ಆಲ್ಟರ್ನೇಟರಿನ ಮೇಲೆ 300 ಕೆವಿಎ ಸೆಳೆತ ಬಿದ್ದರೆ ಮೊದಲ ಸಂಖ್ಯೆ 0.375. ಅದನ್ನು 1.375ರಿಂದ ಭಾಗಿಸಿದರೆ ಶೇ 27. ಅಂದರೆ 415 ವೋಲ್ಟ್ ಇದ್ದದ್ದು 303ರ ಸುಮಾರಿಗೆ ಇಳಿಯುತ್ತದೆ.

ಇಷ್ಟು ಕುಸಿತ ಯಾಕೆ ಸಲ್ಲದು? ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎಸಿ ಕಾಂಟ್ಯಾಕ್ಟರು ತನ್ನ ಕಾಯಿಲ್ ವೋಲ್ಟೇಜಿನ ಶೇ 75ಕ್ಕಿಂತ ಮೇಲಿರುವವರೆಗೆ ಬಿಟ್ಟುಕೊಳ್ಳಬಾರದು. ಅದಕ್ಕಿಂತ ಕೆಳಗೆ ಇಳಿದರೆ ಭರವಸೆ ಇಲ್ಲ. ಈ ಉದಾಹರಣೆಯಲ್ಲಿ ಉಳಿಯುವುದು ಶೇ 73, ಅದರಲ್ಲಿ ಕೇಬಲ್ಲಿನ ನಷ್ಟವೂ ಕಳೆಯಬೇಕು. ಆದ್ದರಿಂದ ಕಂಪ್ರೆಸರ್ ಏಳುವ ಹೊತ್ತಿಗೆ ಬೇರೆ ಯಂತ್ರಗಳ ಕಾಂಟ್ಯಾಕ್ಟರು ಬಿಟ್ಟುಹೋಗಬಹುದು. ಸಿಎನ್‌ಸಿ ಡ್ರೈವುಗಳು ಇನ್ನೂ ಸೂಕ್ಷ್ಮ. ಅವು ಇರುವ ಕಡೆ ಕುಸಿತವನ್ನು ಶೇ 15ರೊಳಗೆ ಹಿಡಿಯುವುದು ಒಳ್ಳೆಯದು. ಸಾಲದ್ದಕ್ಕೆ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೋಲ್ಟೇಜ್ ಶೇ 73ಕ್ಕೆ ಬಂದರೆ ತಿರುಗುಬಲ ಶೇ 53ಕ್ಕೆ ಬರುತ್ತದೆ. ಮೋಟಾರು ಏಳಲು ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟು ಹೊತ್ತೂ ಕರೆಂಟು ಎಳೆಯುತ್ತಲೇ ಇರುತ್ತದೆ.

ದೊಡ್ಡ ಸೆಟ್ ತಂದರೆ ಸಾಕೇ?

ಕುಸಿತವನ್ನು ಶೇ 15ಕ್ಕೆ ತರಲು ಜನರೇಟರನ್ನೇ ದೊಡ್ಡದು ಮಾಡಿದರೆ ಅದೇ ಲೆಕ್ಕದಂತೆ 340 ಕೆವಿಎ ಬೇಕು. ಸಿಗುವ ಗಾತ್ರಗಳಲ್ಲಿ 380 ಕೆವಿಎ ಸೆಟ್ ತರಬೇಕಾಗುತ್ತದೆ. ಆ ಎಂಜಿನ್ 304 ಕಿಲೋವ್ಯಾಟ್ ಕೊಡಬಲ್ಲದು. ಕಾರ್ಖಾನೆ ಪೂರ್ತಿ ಓಡಿದರೂ ಅದರ ಮೇಲೆ ಬೀಳುವ ಹೊರೆ ಶೇ 35 ಮಾತ್ರ, ಅರ್ಧ ಯಂತ್ರಗಳು ನಿಂತ ಪಾಳಿಯಲ್ಲಿ ಶೇ 20ಕ್ಕೂ ಕೆಳಗೆ. ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಡೀಸೆಲ್ ಎಂಜಿನನ್ನು ತುಂಬ ಹೊತ್ತು ಓಡಿಸಬಾರದು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಸೂಚನೆ. ಎಂಜಿನ್ ಸಾಕಷ್ಟು ಕಾಯದೆ ಇಂಧನ ಪೂರ್ತಿ ಉರಿಯುವುದಿಲ್ಲ. ಇಂಜೆಕ್ಟರಿನ ತುದಿಗೆ, ಕವಾಟಗಳಿಗೆ ಮಸಿ ಕಟ್ಟುತ್ತದೆ. ಹೊಗೆಕೊಳವೆಯ ಜೋಡಣೆಗಳಲ್ಲಿ ಕಪ್ಪು ಜಿಡ್ಡು ಜಿನುಗುತ್ತದೆ. ಕೆಲವು ಸೆಕೆಂಡುಗಳ ಸೆಳೆತಕ್ಕಾಗಿ ಎರಡು ಪಟ್ಟಿಗೂ ಮೀರಿದ ಸೆಟ್ ತಂದು, ಉಳಿದ ಗಂಟೆಗಳೆಲ್ಲ ಅದನ್ನು ಕೆಡಿಸಿದಂತಾಗುತ್ತದೆ.

ಇದಕ್ಕಿಂತ ಸೂಕ್ತವಾದ ದಾರಿ ಮೋಟಾರಿನ ಸೆಳೆತವನ್ನೇ ತಗ್ಗಿಸುವುದು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಕರೆಂಟು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 300 ಕೆವಿಎ ಇದ್ದದ್ದು 100 ಆಗುತ್ತದೆ. ಅದೇ 160 ಕೆವಿಎ ಸೆಟ್ಟಿನ ಮೇಲೆ ಕುಸಿತ ಶೇ 11ಕ್ಕೆ ನಿಲ್ಲುತ್ತದೆ.

ಸ್ಟಾರ್-ಡೆಲ್ಟಾಗೆ ಎರಡು ಷರತ್ತುಗಳಿವೆ. ತಿರುಗುಬಲವೂ ಮೂರನೆಯ ಒಂದು ಭಾಗಕ್ಕೇ ಇಳಿಯುವುದರಿಂದ ಮೋಟಾರು ಖಾಲಿಯಾಗಿ ಏಳಬೇಕು. ಸ್ಕ್ರೂ ಕಂಪ್ರೆಸರುಗಳನ್ನು ಹೊರೆ ಇಲ್ಲದೆ ಚಾಲೂ ಮಾಡುವುದರಿಂದ ತೊಂದರೆ ಇಲ್ಲ. ತುಂಬಿದ ಕ್ರಷರಿನಂಥ ಯಂತ್ರಕ್ಕೆ ಇದು ಹೊಂದುವುದಿಲ್ಲ. ಎರಡನೆಯದು ಟೈಮರ್. ಮೋಟಾರು ಪೂರ್ಣ ವೇಗದ ಹತ್ತಿರ ಬರುವ ಮೊದಲೇ ಡೆಲ್ಟಾಗೆ ಬದಲಾದರೆ ಕರೆಂಟು ಮತ್ತೆ ಹಲವು ಪಟ್ಟು ಜಿಗಿಯುತ್ತದೆ, ಸ್ಟಾರ್ಟರ್ ಹಾಕಿದ ಉದ್ದೇಶವೇ ಹಾಳಾಗುತ್ತದೆ. ಅಮ್ಮೀಟರಿನ ಮುಳ್ಳು ಮೇಲೇರಿ, ಮೆಲ್ಲಗೆ ಇಳಿದು ಒಂದು ಕಡೆ ನಿಂತ ಮೇಲೆ ಬದಲಾಗುವಂತೆ ಟೈಮರ್ ಇಡಬೇಕು.

ಸಾಫ್ಟ್ ಸ್ಟಾರ್ಟರಿನಲ್ಲಿ ಕರೆಂಟಿನ ಮಿತಿಯನ್ನು ಮೂರೂವರೆ ಪಟ್ಟಿಗೆ ಇಟ್ಟರೆ ಈ ಮೋಟಾರಿಗೆ 160 ಕೆವಿಎ ಬೇಕು, ಕುಸಿತ ಶೇ 17ರ ಹತ್ತಿರ. ವೇಗ ಬದಲಿಸುವ ಡ್ರೈವ್ ಹಾಕಿದರೆ ಸೆಳೆತ ಓಡುವ ಕರೆಂಟಿನ ಆಸುಪಾಸಿನಲ್ಲೇ ಇರುತ್ತದೆ. ಆದರೆ ಡ್ರೈವುಗಳು ಉಂಟುಮಾಡುವ ಹಾರ್ಮೋನಿಕ್ಸ್ ಆಲ್ಟರ್ನೇಟರನ್ನು ಬಿಸಿ ಮಾಡುತ್ತವೆ. ಹೊರೆಯಲ್ಲಿ ಅವುಗಳ ಪಾಲು ದೊಡ್ಡದಿದ್ದರೆ ಸೆಟ್ ಕೊಡುವವರಿಗೆ ಮೊದಲೇ ತಿಳಿಸಬೇಕು.

ಎಂಜಿನ್ ಒಂದು, ಆಲ್ಟರ್ನೇಟರ್ ಇನ್ನೊಂದು

ಸ್ಟಾರ್ಟಿಂಗ್ ಕೆವಿಎಯ ಭಾರ ಮುಖ್ಯವಾಗಿ ಬೀಳುವುದು ಆಲ್ಟರ್ನೇಟರಿನ ಮೇಲೆ. ಆ ಗಳಿಗೆಯಲ್ಲಿ ಮೋಟಾರಿನ ಪವರ್ ಫ್ಯಾಕ್ಟರ್ 0.3ರ ಸುಮಾರಿಗೆ ಇರುವುದರಿಂದ ಎಂಜಿನ್ ನಿಜವಾಗಿ ಕೊಡಬೇಕಾದ ಕಿಲೋವ್ಯಾಟ್ ಕಡಿಮೆ. ವೇಗ ಏರಿದಂತೆ ಎಂಜಿನಿನ ಮೇಲಿನ ಹೊರೆಯೂ ಏರುತ್ತದೆ. ಮೊದಲ ಕುಸಿತವನ್ನು ಆಲ್ಟರ್ನೇಟರಿನ ವೋಲ್ಟೇಜ್ ರೆಗ್ಯುಲೇಟರ್ ತಡೆಯಲಾರದು. ಕುಸಿದದ್ದನ್ನು ಬೇಗ ಮೇಲೆತ್ತುವುದಷ್ಟೇ ಅದರ ಕೆಲಸ. ತನ್ನ ವಿದ್ಯುತ್ತನ್ನು ಕುಸಿದ ವೋಲ್ಟೇಜಿನಿಂದಲೇ ಪಡೆಯುವ ರೆಗ್ಯುಲೇಟರ್ ಆ ಹೊತ್ತಿನಲ್ಲಿ ತಾನೂ ಸೊರಗುತ್ತದೆ. ಪ್ರತ್ಯೇಕ ವೈಂಡಿಂಗಿನಿಂದ ಅಥವಾ ಪರ್ಮನೆಂಟ್ ಮ್ಯಾಗ್ನೆಟ್ ಜನರೇಟರಿನಿಂದ ನಡೆಯುವ ರೆಗ್ಯುಲೇಟರ್ ಸೊರಗುವುದಿಲ್ಲ. ಆದ್ದರಿಂದ ದೊಡ್ಡ ಮೋಟಾರು ಇರುವ ಕಡೆ ಅಂಥದ್ದೇ ಬೇಕು.

ಈ ವ್ಯತ್ಯಾಸ ತಿಳಿದರೆ ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದೂ ಸುಲಭ. ಮೋಟಾರು ಏಳುವಾಗ ಪ್ಯಾನೆಲ್ಲಿನಲ್ಲಿ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಎರಡನ್ನೂ ನೋಡಬೇಕು. ವೋಲ್ಟೇಜ್ ಕುಸಿದು, ಫ್ರೀಕ್ವೆನ್ಸಿ 50ರ ಹತ್ತಿರವೇ ಉಳಿದರೆ ಕೊರತೆ ಆಲ್ಟರ್ನೇಟರಿನದು. ಎಂಜಿನಿನ ಸದ್ದು ತಗ್ಗಿ, ಕಪ್ಪು ಹೊಗೆ ಬಂದು, ಫ್ರೀಕ್ವೆನ್ಸಿಯೂ ಇಳಿದರೆ ಎಂಜಿನಿಗೆ ಹೊರೆ ಹೆಚ್ಚಾಗಿದೆ ಎಂದರ್ಥ. ಸಾಧಾರಣ ಮೀಟರಿನ ಅಂಕಿಗಳು ಕ್ಷಣಿಕ ಕುಸಿತವನ್ನು ಹಿಡಿಯಲಾರವು. ಕನಿಷ್ಠ ಮೌಲ್ಯವನ್ನು ದಾಖಲಿಸುವ ಮೀಟರ್ ಅಥವಾ ಪವರ್ ಅನಲೈಸರ್ ಬಳಸಬೇಕು. ಎಂಜಿನ್ ಸರಿಯಿದ್ದು ಆಲ್ಟರ್ನೇಟರ್ ಮಾತ್ರ ಸಾಲದಿದ್ದರೆ, ಅದೇ ಎಂಜಿನಿಗೆ ಒಂದು ಗಾತ್ರ ದೊಡ್ಡ ಆಲ್ಟರ್ನೇಟರ್ ಕೂಡಿಸಿ ತರಿಸಿಕೊಳ್ಳುವ ದಾರಿಯೂ ಇದೆ.

ಯಾವುದು ಮೊದಲು, ಯಾವುದು ಆಮೇಲೆ

ಕರೆಂಟು ಹೋಗಿ ಜನರೇಟರ್ ಬಂದಾಗ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳಬಾರದು. ದೊಡ್ಡ ಮೋಟಾರು ಮೊದಲು, ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಚಿಕ್ಕವು, ಕೊನೆಯಲ್ಲಿ ಸಿಎನ್‌ಸಿ ಎಂಬ ಕ್ರಮವನ್ನು ಟೈಮರುಗಳಿಂದ ತರಬಹುದು. ಆದರೆ ಒತ್ತಡ ಇಳಿದಾಗ ತಾನಾಗಿಯೇ ಚಾಲೂ ಆಗುವ ಕಂಪ್ರೆಸರ್ ಇದ್ದರೆ ಅದು ಸಿಎನ್‌ಸಿಗಳು ಓಡುತ್ತಿರುವಾಗಲೂ ಏಳುತ್ತದೆ. ಅಂಥ ಕಡೆ ಕುಸಿತದ ಮಿತಿಯನ್ನು ಸಿಎನ್‌ಸಿ ತಡೆದುಕೊಳ್ಳುವಷ್ಟಕ್ಕೇ ಇಡಬೇಕು. ಈ ಮಷಿನ್ ಶಾಪಿಗೆ ಸ್ಟಾರ್-ಡೆಲ್ಟಾದೊಂದಿಗೆ 160 ಕೆವಿಎ ಸೆಟ್ ಸಾಕು ಎಂದಾಗುವುದು ಈ ಪರೀಕ್ಷೆಯನ್ನೂ ದಾಟಿದ್ದರಿಂದ.

ಮೇಲಿನ ಸೂತ್ರ ಅಂದಾಜಿಗೆ ಮಾತ್ರ. ಖರೀದಿಗೆ ಮುನ್ನ ಮೋಟಾರಿನ ನಾಮಫಲಕದ ವಿವರ, ಸ್ಟಾರ್ಟರಿನ ಬಗೆ, ಒಪ್ಪಬಹುದಾದ ಕುಸಿತ ಈ ಮೂರನ್ನೂ ಬರೆದು ಕೊಟ್ಟು, ಆಲ್ಟರ್ನೇಟರ್ ತಯಾರಕರ ಮೋಟಾರ್ ಸ್ಟಾರ್ಟಿಂಗ್ ಕರ್ವ್ ಕೇಳಿ ಪಡೆಯಬೇಕು. ಎಷ್ಟು ಕೆವಿಎ ಸೆಳೆತಕ್ಕೆ ಎಷ್ಟು ಶೇಕಡಾ ಕುಸಿತ ಎಂಬುದು ಅದರಲ್ಲಿ ಇರುತ್ತದೆ. ಆ ಹಾಳೆ ಕೈಗೆ ಬರುವವರೆಗೆ ಜನರೇಟರಿಗೆ ಆರ್ಡರ್ ಕೊಡಬಾರದು.