ಮೂರು ಲೈನಲ್ಲಿ ಮೂರು ಥರ ಆಂಪ್ಸ್: ತಪ್ಪು ಮೋಟರ್‌ದಾ, ಸಪ್ಲೈದಾ?

ಮೈಸೂರಿನಲ್ಲಿ ನಾನು ಮೋಟರ್ ರಿಪೇರಿ, ರೀವೈಂಡಿಂಗ್ ಕೆಲಸ ಮಾಡೋನು. ಸುತ್ತಲ ಹಳ್ಳಿಗಳಿಂದ ಹುಡುಗರು ಫೋನ್ ಮಾಡಿ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಒಂದು ಲೈನಲ್ಲಿ ಆಂಪ್ಸ್ ಜಾಸ್ತಿ ತೋರಿಸ್ತಿದೆ, ಸ್ಟಾರ್ಟರ್ ಟ್ರಿಪ್ ಆಗ್ತಿದೆ. ವೈಂಡಿಂಗ್ ಹೋಯ್ತಾ?" ಹೋಗಿರಬಹುದು, ಹೋಗದೆಯೂ ಇರಬಹುದು. ಆದರೆ ಇದನ್ನು ತಿಳಿಯೋಕೆ ಮೋಟರ್ ಮೇಲೆ ಎತ್ತಬೇಕಾಗಿಲ್ಲ. ಬೋರ್‌ವೆಲ್‌ನಿಂದ ಪೈಪು ಸಮೇತ ಮೋಟರ್ ಎತ್ತಿಸಿ, ಚೆನ್ನಾಗಿರೋ ವೈಂಡಿಂಗ್ ಕಿತ್ತುಹಾಕಿಸಿ, ವಾಪಸ್ ಇಳಿಸಿದ ಮೇಲೂ ಅದೇ ತೊಂದರೆ ನೋಡಿದ ರೈತರು ಇದ್ದಾರೆ. ಕ್ಲಾಂಪ್ ಮೀಟರ್, ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಸಾಕು.

ಮೊದಲು ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿ. ಮೋಟರ್ ಓಡಿ ನೀರು ಒಂದು ಹದಕ್ಕೆ ಬಂದ ಮೇಲೆ ಕ್ಲಾಂಪ್ ಮೀಟರ್‌ಗೆ ಒಂದೊಂದೇ ವೈರ್ ಸಿಕ್ಕಿಸಿ ಮೂರೂ ಲೈನಿನ ಆಂಪ್ಸ್ ಬರೆದುಕೊಳ್ಳಿ. ಮೂರರ ಸರಾಸರಿ ತೆಗೆಯಿರಿ. ಸರಾಸರಿಯಿಂದ ಅತಿ ದೂರ ಇರೋ ಲೈನ್ ಎಷ್ಟು ದೂರ ಇದೆಯೋ ಅದನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿ. ಪೂರ್ತಿ ಲೋಡಿನಲ್ಲಿ ಓಡೋ ಸಬ್‌ಮರ್ಸಿಬಲ್‌ಗೆ ಇದು ಶೇ 5ರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 10 ದಾಟಿದರೆ ಕಾರಣ ಹುಡುಕಲೇಬೇಕು.

ವರುಣಾ ಕಡೆಯ ಒಬ್ಬ ಹುಡುಗನ ತೋಟದ 7.5 ಎಚ್‌ಪಿ ಮೋಟರ್ ಉದಾಹರಣೆಗೆ ತಗೊಳ್ಳೋಣ. ಇಪ್ಪತ್ತು ನಿಮಿಷಕ್ಕೊಮ್ಮೆ ಓವರ್‌ಲೋಡ್ ಟ್ರಿಪ್ ಆಗ್ತಿತ್ತು. ಮೋಟರ್ ಎತ್ತೋ ಗಾಡಿಗೆ ಹೇಳಿಯೂ ಆಗಿತ್ತು. ಆರ್ ಲೈನಲ್ಲಿ 11.6, ವೈನಲ್ಲಿ 12.3, ಬಿನಲ್ಲಿ 15.1 ಆಂಪ್ಸ್. ಸರಾಸರಿ 13. ಬಿ ಲೈನ್ 2.1 ಮೇಲೆ, ಅಂದರೆ ಶೇ 16.

ಬಿ ಲೈನಿಗೆ ಸೇರಿದ ವೈಂಡಿಂಗ್ ಕೆಟ್ಟಿದ್ದರೂ ಹೀಗೇ ತೋರಿಸುತ್ತೆ, ಸಪ್ಲೈ ಕೆಟ್ಟಿದ್ದರೂ ಹೀಗೇ ತೋರಿಸುತ್ತೆ. ಎರಡನ್ನೂ ಬೇರೆ ಮಾಡೋಕೆ ಇರೋ ಉಪಾಯ ವೈರ್ ಸುತ್ತು ಬದಲಾಯಿಸೋದು. ಸ್ಟಾರ್ಟರ್‌ನಿಂದ ಮೋಟರ್‌ಗೆ ಹೋಗೋ ಮೂರು ವೈರಿಗೆ ಟೇಪ್ ಸುತ್ತಿ 1, 2, 3 ಅಂತ ಬರೆಯಿರಿ, ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಈಗ ಆರ್‌ಗೆ 1, ವೈಗೆ 2, ಬಿಗೆ 3 ಇದೆ. ಮುಂದಿನ ಸಲ ಆರ್‌ಗೆ 2, ವೈಗೆ 3, ಬಿಗೆ 1. ಅದರ ಮುಂದಿನ ಸಲ ಆರ್‌ಗೆ 3, ವೈಗೆ 1, ಬಿಗೆ 2. ಪ್ರತಿ ಸಲ ಮೂರೂ ವೈರ್ ಒಟ್ಟಿಗೆ ಒಂದೊಂದು ಮನೆ ಸರಿಯಬೇಕು. ಎರಡೇ ವೈರ್ ಅದಲುಬದಲು ಮಾಡಿದರೆ ಮೋಟರ್ ಉಲ್ಟಾ ತಿರುಗುತ್ತೆ, ನೀರು ಬೀಳೋದು ಕಮ್ಮಿಯಾಗುತ್ತೆ, ಆಂಪ್ಸ್ ಹೋಲಿಸೋಕೂ ಆಗಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಮೋಟರ್ ಕಡೆ ಆರು ವೈರ್ ಇರೋದರಿಂದ, ಅಲ್ಲಿ ಸ್ಟಾರ್ಟರ್‌ಗೆ ಬರೋ ಮೂರು ಲೈನನ್ನೇ ಸರಿಸಿ.

ವೈರ್ ಮುಟ್ಟೋ ಮುಂಚೆ ಆಟೋ ಸ್ವಿಚ್ ಆಫ್ ಮಾಡಿ, ಮೇನ್ ಇಳಿಸಿ, ಫ್ಯೂಸ್ ಮೂರನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಮೀಟರ್ ಇಟ್ಟು ಕರೆಂಟ್ ಇಲ್ಲ ಅಂತ ನೋಡಿ. ತ್ರೀ ಫೇಸ್ ಯಾವ ಹೊತ್ತಲ್ಲಿ ಬರುತ್ತೋ ಗೊತ್ತಿಲ್ಲದ ಕಡೆ ಆಟೋದಲ್ಲಿ ಬಿಟ್ಟ ಸ್ಟಾರ್ಟರ್ ಕೈಯಲ್ಲಿ ವೈರ್ ಇರೋವಾಗಲೇ ಎಳೆದುಕೊಳ್ಳುತ್ತೆ.

ಆ ಹುಡುಗನ ಮೋಟರಲ್ಲಿ ಎರಡನೇ ಸಲ ಆರ್ 11.8, ವೈ 12.2, ಬಿ 14.9 ಬಂತು. ಮೂರನೇ ಸಲ 11.5, 12.5, 15.0. ಬಿಗೆ ಮೋಟರಿನ ಯಾವ ವೈರ್ ಕೊಟ್ಟರೂ ಜಾಸ್ತಿ ಆಂಪ್ಸ್ ಬಿನಲ್ಲೇ ನಿಂತಿತ್ತು. ಮೋಟರ್ ವೈಂಡಿಂಗ್ ತಪ್ಪಾಗಿದ್ದರೆ ಜಾಸ್ತಿ ಆಂಪ್ಸ್ 3ನೇ ವೈರಿನ ಜೊತೆ ಹೊರಟು, ಎರಡನೇ ಸಲ ವೈಗೆ, ಮೂರನೇ ಸಲ ಆರ್‌ಗೆ ಹೋಗಬೇಕಿತ್ತು. ಹೋಗಲಿಲ್ಲ, ಹಾಗಾಗಿ ತಪ್ಪು ಸಪ್ಲೈ ಕಡೆಯದು. ಗಾಡಿ ಬೇಡ ಅಂತ ಹೇಳಿಸಿದೆ.

ಸಪ್ಲೈ ಅಂದ ತಕ್ಷಣ ಟ್ರಾನ್ಸ್‌ಫಾರ್ಮರ್ ಕಡೆ ಬೆರಳು ತೋರಿಸಬೇಡಿ. ಈ ಪರೀಕ್ಷೆಯ ಲೆಕ್ಕದಲ್ಲಿ ನಿಮ್ಮ ಸ್ಟಾರ್ಟರ್, ಫ್ಯೂಸ್, ಮೇನ್ ಸ್ವಿಚ್ ಎಲ್ಲವೂ ಸಪ್ಲೈ ಕಡೆಗೇ ಸೇರುತ್ತವೆ. ಸ್ಟಾರ್ಟರ್‌ನ ಒಳಬರೋ ಕಡೆ ಮೋಟರ್ ಆಫ್ ಇದ್ದಾಗ ವೋಲ್ಟೇಜ್ ನೋಡಿದ್ವಿ: ಆರ್-ವೈ 418, ವೈ-ಬಿ 416, ಬಿ-ಆರ್ 417. ಚೆನ್ನಾಗಿದೆ. ಮೋಟರ್ ಓಡೋವಾಗ ಅಲ್ಲೇ ನೋಡಿದರೆ 395, 405, 415. ಮೊದಲನೇದು 23 ವೋಲ್ಟ್ ಬಿದ್ದಿದೆ, ಎರಡನೇದು 11, ಮೂರನೇದು ಬರೀ 2. ಬಿದ್ದಿರೋ ಎರಡು ಜೋಡಿಯಲ್ಲೂ ವೈ ಇದೆ. ಬೀಳದ ಜೋಡಿಯಲ್ಲಿ ವೈ ಇಲ್ಲ. ಅಂದರೆ ವೈ ಲೈನಲ್ಲಿ ಎಲ್ಲೋ ಕನೆಕ್ಷನ್ ಲೂಸ್ ಇದೆ, ಕರೆಂಟ್ ಹರಿದಾಗ ಮಾತ್ರ ಅಲ್ಲಿ ವೋಲ್ಟೇಜ್ ಕಳೆದುಹೋಗ್ತಿದೆ. ಆಫ್ ಇದ್ದಾಗಲೂ ವೋಲ್ಟೇಜ್ ಏರುಪೇರಾಗೇ ಇದ್ದರೆ ತೊಂದರೆ ಹೊರಗಿಂದ ಬರ್ತಿದೆ ಅಂತ ಲೆಕ್ಕ, ಅದಕ್ಕೆ ಲೈನ್‌ಮನ್ ಬೇಕು.

ಆಂಪ್ಸ್ ಜಾಸ್ತಿ ಇದ್ದದ್ದು ಬಿನಲ್ಲಿ, ಕೆಟ್ಟಿದ್ದು ವೈ! ಬಹಳ ಜನ ಇಲ್ಲೇ ದಾರಿ ತಪ್ಪೋದು. ಆಂಪ್ಸ್ ಜಾಸ್ತಿ ಇರೋ ಲೈನನ್ನೇ ಬಿಚ್ಚಿ ಬಿಗಿ ಮಾಡ್ತಾರೆ, ಏನೂ ಸರಿಹೋಗಲ್ಲ. ಒಂದು ಲೈನಲ್ಲಿ ವೋಲ್ಟೇಜ್ ತಗ್ಗಿದಾಗ ಮೋಟರ್ ಆ ಕೊರತೆಯನ್ನು ಬೇರೆ ಲೈನಿಂದ ಎಳೆದು ತುಂಬಿಸಿಕೊಳ್ಳುತ್ತೆ. ಅದೂ ದುಬಾರಿ ಬಡ್ಡಿಗೆ: ವೋಲ್ಟೇಜ್ ಶೇ 1 ಏರುಪೇರಾದರೆ ಆಂಪ್ಸ್ ಸುಮಾರು ಶೇ 6ರಿಂದ 10 ಏರುಪೇರಾಗುತ್ತೆ. ಇಲ್ಲಿ ವೋಲ್ಟೇಜ್ ಏರುಪೇರು ಶೇ 2.5 ಅಷ್ಟೇ, ಆಂಪ್ಸ್‌ನಲ್ಲಿ 16 ಆಗಿ ಕಂಡಿತು.

ಲೂಸ್ ಎಲ್ಲಿದೆ ಅಂತ ಹುಡುಕೋಕೆ ಮೋಟರ್ ಓಡ್ತಿರೋವಾಗ ಒಂದೇ ಲೈನಿನ ಎರಡು ತುದಿಗೆ ಮೀಟರ್ ಇಡಬೇಕು. ವೈ ಫ್ಯೂಸಿನ ಮೇಲಿನ ತಿರುಪಿಗೆ ಒಂದು ಕಡ್ಡಿ, ಕೆಳಗಿನ ತಿರುಪಿಗೆ ಇನ್ನೊಂದು. ಕನೆಕ್ಷನ್ ಸರಿ ಇದ್ದರೆ ಮೀಟರ್ ಸೊನ್ನೆಯ ಹತ್ತಿರ ಇರಬೇಕು. ನಮಗೆ ಸಿಕ್ಕಿದ್ದು ಸುಮಾರು 20 ವೋಲ್ಟ್. 12 ಆಂಪ್ಸ್ ಹರಿಯೋ ಕಡೆ 20 ವೋಲ್ಟ್ ಕಳೆದರೆ ಅಲ್ಲೇ 240 ವ್ಯಾಟ್ ಶಾಖ. ಕಿಟ್‌ಕ್ಯಾಟ್ ಫ್ಯೂಸ್ ಕಿತ್ತು ನೋಡಿದರೆ ಹಿತ್ತಾಳೆ ನಾಲಿಗೆ ಕಪ್ಪಾಗಿ, ಹಿಡಿತ ಸಡಿಲಾಗಿತ್ತು. ಸ್ಟಾರ್ಟರ್ ಕಾಂಟ್ಯಾಕ್ಟನ್ನೂ ಹೀಗೇ ನೋಡಬಹುದು. ಆದರೆ ಇದು 415 ವೋಲ್ಟ್ ಬೋರ್ಡಿನಲ್ಲಿ ಕರೆಂಟ್ ಇದ್ದಾಗಲೇ ಮಾಡೋ ಕೆಲಸ. ಮೀಟರ್ ಎಸಿ ವೋಲ್ಟ್‌ನ ದೊಡ್ಡ ರೇಂಜಲ್ಲೇ ಇರಬೇಕು. ಆಂಪ್ಸ್‌ನಲ್ಲಿ ಮರೆತು ಇಟ್ಟರೆ ಕೈಯಲ್ಲೇ ಸಿಡಿಯುತ್ತೆ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಕಂಬದ ಮೇಲಿನದಕ್ಕೆ ನೀವು ಕೈ ಹಾಕಲೇಬೇಡಿ.

ಬೇಸ್ ಸಮೇತ ಫ್ಯೂಸ್ ಬದಲಾಯಿಸಿದ ಮೇಲೆ 12.7, 12.9, 13.1 ಬಂತು. ಟ್ರಿಪ್ ನಿಂತಿತು.

ಜಾಸ್ತಿ ಆಂಪ್ಸ್ ಮೋಟರಿನ ವೈರ್ ಜೊತೆಗೇ ತಿರುಗಿದರೆ ಕಥೆ ಬೇರೆ. ಆಗಲೂ ಮೊದಲು ಬೋರ್ ಬಾಯಿ ಹತ್ತಿರದ ಕೇಬಲ್ ಜಾಯಿಂಟ್ ಬಿಚ್ಚಿ ನೋಡಿ, ಯಾಕಂದ್ರೆ ಕೇಬಲ್ ಕೂಡ ಮೋಟರ್ ಕಡೆಗೇ ಸೇರುತ್ತೆ. ಅದು ಸರಿ ಇದ್ದರೆ ಎತ್ತಿಸದೆ ವಿಧಿಯಿಲ್ಲ. "ಮೆಗ್ಗರ್ ಹಾಕಿದ್ವಿ, ಮೋಟರ್ ಸರಿ ಇದೆ" ಅಂತ ಯಾರಾದರೂ ಅಂದರೆ ಅಷ್ಟಕ್ಕೇ ಬಿಡಬೇಡಿ. ವೈಂಡಿಂಗ್ ಬಾಡಿಗೆ ತಾಗಿದೆಯಾ ಅಂತ ಮೆಗ್ಗರ್ ಹೇಳುತ್ತೆ. ಒಂದೇ ಕಾಯಿಲಿನ ಸುತ್ತುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಅದಕ್ಕೆ ಕಾಣಲ್ಲ.

ಇನ್ನು ಜಾಸ್ತಿ ಆಂಪ್ಸ್ ಲೈನಿಗೂ ಅಂಟದೆ, ವೈರಿನ ಜೊತೆಗೂ ಹೋಗದೆ ಗೊಂದಲ ಮಾಡಿದರೆ, ಎರಡು ಅಳತೆಗಳ ನಡುವೆ ವೋಲ್ಟೇಜೇ ಬದಲಾಗಿರಬಹುದು. ಅದಕ್ಕೇ ಪ್ರತಿ ಸಲ ಆಂಪ್ಸ್ ಜೊತೆ ಮೂರು ವೋಲ್ಟೇಜನ್ನೂ ಫೋನಲ್ಲಿ ಬರೆದಿಡಿ. ಅಕ್ಕಪಕ್ಕದ ಪಂಪುಗಳು ಆನ್-ಆಫ್ ಆಗದ ಹೊತ್ತು ನೋಡಿ ಇನ್ನೊಮ್ಮೆ ಮೂರೂ ಸುತ್ತು ಮಾಡಿ.