ಕಟ್ಟು ಮನೆಯವರಿಗೆ, ಪಲ್ಯ ಯಜಮಾನರಿಗೆ

‘ಅಮ್ಮಾ, ಬಸ್ಸಾರು ಮಾಡಿದ ದಿನ ಬಸಿದ ಕಟ್ಟಿನ ಸಾರು ನಿಮಗೂ ಮಕ್ಕಳಿಗೂ ಇರಲಿ. ಯಜಮಾನರಿಗೆ ಪಲ್ಯ ಮಾತ್ರ ಬಡಿಸಿ.’

ಕೋಲಾರ ಜಿಲ್ಲೆಯ ಕೂಲಿ ಕುಟುಂಬವೊಂದಕ್ಕೆ ಆಸ್ಪತ್ರೆಯ ಡಯಟೀಶಿಯನ್ ಬರೆದುಕೊಟ್ಟ ಎರಡು ಪುಟಗಳ ಪತ್ರ ಹೀಗೆ ಶುರುವಾಗುತ್ತದೆ. ಅದು ರೋಗಿಯ ಹೆಸರಿಗಿಲ್ಲ, ಅಡುಗೆ ಮಾಡುವ ಹೆಂಡತಿಗೆ ಬರೆದದ್ದು. ಓದಿ ಹೇಳುವವಳು ಹೈಸ್ಕೂಲಿಗೆ ಹೋಗುವ ಮಗಳು. ಸೇಬು ತಿನ್ನಿ, ಪ್ರೋಟೀನ್ ಪುಡಿ ಕುಡಿಯಿರಿ ಎನ್ನುವ ಅಚ್ಚು ಹಾಕಿದ ಹಾಳೆ ಈ ಮನೆಗೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿರುವುದು ರೇಷನ್ ಅಕ್ಕಿ, ರಾಗಿ, ಒಂದಿಷ್ಟು ಬೇಳೆ, ಕೆಲಸಕ್ಕೆ ಹೋದ ತೋಟದಿಂದ ಬರುವ ಟೊಮೆಟೊ ಮತ್ತು ಹೊಲದ ಬದುವಿನಲ್ಲಿ ಸಿಗುವ ಸೊಪ್ಪು.

ಯಜಮಾನರಿಗೆ 54 ವರ್ಷ, ತೂಕ 50 ಕೆಜಿ. ಬಿಪಿ ಇದೆ, ಸಕ್ಕರೆ ಕಾಯಿಲೆ ಇಲ್ಲ. ರಕ್ತದ ಕ್ರಿಯಾಟಿನಿನ್ 3.1. ಇದನ್ನು ವಯಸ್ಸಿನ ಜೊತೆ ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ಶಕ್ತಿ ಸುಮಾರು 23ಕ್ಕೆ ಬರುತ್ತದೆ. ಇದು ಕಾಯಿಲೆಯ ನಾಲ್ಕನೇ ಹಂತ, ಡಯಾಲಿಸಿಸ್ ಇನ್ನೂ ಬೇಕಾಗಿಲ್ಲ. ಡಯಟೀಶಿಯನ್ ಕಣ್ಣಿಗೆ ಮೊದಲು ಬಿದ್ದದ್ದು ಬೇರೆಯೇ ಅಂಕಿ. ಪೊಟ್ಯಾಶಿಯಂ 5.6 ಇತ್ತು. ಸಾಮಾನ್ಯವಾಗಿ ಅದು 5ರ ಒಳಗಿರಬೇಕು. 6 ದಾಟಿದರೆ ಹೃದಯದ ಬಡಿತವೇ ಏರುಪೇರಾಗಬಹುದು, ಅದೂ ಎಷ್ಟೋ ಸಲ ಯಾವ ಮುನ್ಸೂಚನೆಯೂ ಇಲ್ಲದೆ. ಆದ್ದರಿಂದ ಇದು ಗೊತ್ತಾಗುವುದು ರಕ್ತ ಪರೀಕ್ಷೆಯಲ್ಲೇ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಮಾತ್ರೆಗಳೂ ಅದನ್ನು ಸ್ವಲ್ಪ ಏರಿಸುತ್ತವೆ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ, ಮೂತ್ರಪಿಂಡವನ್ನು ಕಾಯುವ ಮಾತ್ರೆಗಳೂ ಅವೇ.

ಪೊಟ್ಯಾಶಿಯಂ ನೀರಿನಲ್ಲಿ ಕರಗುತ್ತದೆ. ಬಸ್ಸಾರಿನ ಮಾತು ಬಂದದ್ದು ಅದಕ್ಕೇ. ಸೊಪ್ಪು, ಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಶಿಯಂನ ದೊಡ್ಡ ಪಾಲು ಕಟ್ಟಿಗೆ ಇಳಿಯುತ್ತದೆ. ಆರೋಗ್ಯವಂತರಿಗೆ ಆ ಕಟ್ಟು ಒಳ್ಳೆಯದೇ, ಚೆಲ್ಲುವ ಅಗತ್ಯವಿಲ್ಲ. ಆದರೆ ಮಸ್ಸೊಪ್ಪಿನಲ್ಲಿ ಬಸಿಯುವುದೇ ಇಲ್ಲ, ಬೆಂದ ನೀರಿನ ಸಮೇತ ಮಸೆದು ಒಗ್ಗರಣೆ ಹಾಕುತ್ತಾರೆ. ಹಾಗಾಗಿ ಅದು ಸದ್ಯಕ್ಕೆ ಇವರಿಗೆ ಬೇಡ. ಕುಕ್ಕರಿನಲ್ಲಿ ಬೇಯಿಸಿದ ಬೇಳೆಗೂ ಇದೇ ತೊಂದರೆ. ತರಕಾರಿಯನ್ನು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತೆರೆದ ಪಾತ್ರೆಯಲ್ಲಿ ಕುದಿಸಿ ನೀರು ಬಸಿಯಬೇಕು. ಸಣ್ಣಗೆ ಹೆಚ್ಚಿದ ಆಲೂಗಡ್ಡೆಯಲ್ಲಿ ಹೀಗೆ ಅರ್ಧದಷ್ಟು ಪೊಟ್ಯಾಶಿಯಂ ಹೊರಟುಹೋಗುತ್ತದೆ. ಬರೀ ತಣ್ಣೀರಿನಲ್ಲಿ ನೆನೆಹಾಕಿದರೆ ಅಷ್ಟು ಹೋಗುವುದಿಲ್ಲ.

ಕೋಲಾರದವರಿಗೆ ಕಷ್ಟವಾಗುವುದು ಮುಂದಿನ ಮಾತು. ನೂರು ಗ್ರಾಂ ರಾಗಿಯಲ್ಲಿ ಪೊಟ್ಯಾಶಿಯಂ 440 ಮಿಲಿಗ್ರಾಂನಷ್ಟಿದ್ದರೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 110ರ ಆಸುಪಾಸು. ರಂಜಕವೂ ರಾಗಿಯಲ್ಲಿ ಎರಡು ಪಟ್ಟು. ಸಕ್ಕರೆ ಕಾಯಿಲೆಯವರಿಗೆ ಎಲ್ಲರೂ ಬೇಡ ಎನ್ನುವ ಬಿಳಿ ಅಕ್ಕಿ ಈ ರೋಗಿಗೆ ಹೊಂದುತ್ತದೆ, ಅದು ಸೊಸೈಟಿಯಲ್ಲೇ ಸಿಗುವುದು ಈ ಮನೆಯ ಪುಣ್ಯ. ಆದರೂ ಜೀವಮಾನವಿಡೀ ಮುದ್ದೆ ಉಂಡವರಿಗೆ ಒಮ್ಮೆಲೇ ಬಿಡಿ ಎನ್ನಲು ಡಯಟೀಶಿಯನ್‌ಗೆ ಮನಸ್ಸು ಬಂದಿಲ್ಲ. ವಾರಕ್ಕೆ ಎರಡು ದಿನ, ಅರ್ಧದಷ್ಟು ಅಕ್ಕಿ ನುಚ್ಚು ಸೇರಿಸಿದ ಸಣ್ಣ ಮುದ್ದೆ ಆಗಬಹುದು, ಆ ಹೊತ್ತು ಅನ್ನ ಬೇಡ ಎಂದು ಬರೆದಿದ್ದಾರೆ.

ದಿನದ ಊಟದ ಲೆಕ್ಕ ಹೀಗಿದೆ. ಡಯಾಲಿಸಿಸ್ ಇಲ್ಲದ ಈ ಹಂತದಲ್ಲಿ ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನ್, ಅಂದರೆ ಇವರಿಗೆ 40 ಗ್ರಾಂ. ದಿನಕ್ಕೆ ಕಾಲು ಕೆಜಿ ಅಕ್ಕಿಯಿಂದಲೇ ಇದರ ಅರ್ಧ ಬಂದುಬಿಡುತ್ತದೆ. ಒಂದು ಮೊಟ್ಟೆಯಿಂದ ಆರು ಗ್ರಾಂ ಚಿಲ್ಲರೆ, ಒಂದು ಹಿಡಿ ಬೇಳೆಯಿಂದ ಐದೂವರೆ, ಟೀ ಮತ್ತು ಮೊಸರಿಗೆಂದು ಒಂದು ಸಣ್ಣ ಲೋಟ ಹಾಲಿನಿಂದ ಐದು, ಉಳಿದದ್ದು ತರಕಾರಿಯಿಂದ. ಬೆಳಿಗ್ಗೆ ಈರುಳ್ಳಿ ಹಾಕಿದ ಎರಡು ಅಕ್ಕಿ ರೊಟ್ಟಿ. ಮಧ್ಯಾಹ್ನ ಅನ್ನ, ಬಸಿದ ಬೇಳೆಯ ಜೊತೆ ಸೋರೆಕಾಯಿ ಇಲ್ಲವೇ ಎಲೆಕೋಸಿನ ಪಲ್ಯ, ಸಣ್ಣ ಬಟ್ಟಲು ಮೊಸರು. ಸಂಜೆ ಟೀ ಜೊತೆ ಕಡಲೆಬೀಜ ಹಾಕದ ಅವಲಕ್ಕಿ ಒಗ್ಗರಣೆ. ರಾತ್ರಿ ಅನ್ನ, ಹೀರೆಕಾಯಿ, ಬೇಯಿಸಿದ ಮೊಟ್ಟೆ. ಟೊಮೆಟೊ ಎಷ್ಟೇ ಪುಕ್ಕಟೆ ಸಿಕ್ಕರೂ ಇವರ ಪಾಲಿಗೆ ಅರ್ಧ ಹಣ್ಣು ಸಾಕು, ಹುಳಿಗೆ ನಿಂಬೆಹಣ್ಣು ಹಿಂಡಿಕೊಳ್ಳಬಹುದು.

ಎಣ್ಣೆಗೆ ಮಾತ್ರ ಪತ್ರದಲ್ಲಿ ಜಿಪುಣತನವಿಲ್ಲ. ದಿನಕ್ಕೆ ಆರು ಟೀ ಚಮಚ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದಾರೆ. ಕಾರಣವಿದೆ. ಕಿಡ್ನಿ ಕಾಯಿಲೆ ಅಂದ ಕೂಡಲೇ ನೆಂಟರು, ಅಕ್ಕಪಕ್ಕದವರು ಬೇಳೆ ಬಿಡಿ, ಮೊಟ್ಟೆ ಬಿಡಿ ಎನ್ನಲು ಶುರುಮಾಡುತ್ತಾರೆ. ರೋಗಿ ಗಂಜಿಗೆ ಇಳಿಯುತ್ತಾನೆ. ಊಟದ ಕಸುವು ಸಾಲದಾದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸತೊಡಗುತ್ತದೆ. ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ, ಹಾಗಾಗಿ ಖಂಡ ಕರಗಿದಾಗ ಆ ಅಂಕಿಯೂ ಇಳಿಯಬಹುದು. ಪಥ್ಯ ಫಲಿಸಿತೆಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ, ಆದರೆ ರೋಗಿ ಸೊರಗುತ್ತಿರುತ್ತಾನೆ. ತೂಕದ ಯಂತ್ರವೂ ಇಲ್ಲಿ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಮೈಯಲ್ಲಿ ನೀರು ತುಂಬಿದರೆ ತೂಕ ಹಾಗೇ ನಿಂತಿರುತ್ತದೆ. ಅದಕ್ಕೇ ಅಂಗಿಯ ಭುಜ ಸಡಿಲವಾಯಿತೇ ನೋಡಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ನೋಡಿ ಎಂದು ಪತ್ರ ಹೇಳುತ್ತದೆ.

ಇನ್ನು ಉಪ್ಪು. ದಿನಕ್ಕೆ ಐದು ಗ್ರಾಂ, ಒಂದು ಟೀ ಚಮಚ ಮಟ್ಟವಾಗಿ. ಇಡೀ ಮನೆಯ ಅಡುಗೆ ಒಂದೇ ಪಾತ್ರೆಯಲ್ಲಿ ಆಗುವಾಗ ಇದನ್ನು ಅಳೆಯುವುದು ಹೇಗೆ? ಡಯಟೀಶಿಯನ್ ಸೂಚಿಸಿದ ದಾರಿ ಸರಳ: ಬೆಳಿಗ್ಗೆಯೇ ಅಷ್ಟು ಉಪ್ಪನ್ನು ಸಣ್ಣ ಡಬ್ಬಿಗೆ ಹಾಕಿಡಿ, ಯಜಮಾನರ ಪಾಲನ್ನು ಉಪ್ಪು ಬೀಳುವ ಮೊದಲೇ ತೆಗೆದಿಟ್ಟು ಆ ಡಬ್ಬಿಯಿಂದಲೇ ಹಾಕಿ, ಡಬ್ಬಿ ಖಾಲಿಯಾದರೆ ಅವತ್ತಿನದು ಮುಗಿಯಿತು. ಒಂದು ಹೋಳು ಉಪ್ಪಿನಕಾಯಿ, ಎರಡು ಹಪ್ಪಳ ತಿಂದರೆ ಈ ಲೆಕ್ಕ ಕೆಡುತ್ತದೆ. ಸೈಂಧವ ಲವಣವೂ ಬಹುಪಾಲು ಇದೇ ಉಪ್ಪು. ಅಂಗಡಿಯಲ್ಲಿ ಬರುವ ‘ಕಡಿಮೆ ಸೋಡಿಯಂ’ ಉಪ್ಪಂತೂ ಇವರಿಗೆ ಅಪಾಯ, ಅದರಲ್ಲಿ ಸೋಡಿಯಂ ಬದಲು ಸೇರಿಸುವುದು ಪೊಟ್ಯಾಶಿಯಂ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡಿದಾಗಲೂ ಮೂತ್ರಪಿಂಡದ ತೊಂದರೆ ಇರುವವರನ್ನು ಹೊರಗಿಟ್ಟಿತು. ಸುಸ್ತು ಅಂದಾಗ ಪ್ರೀತಿಯಿಂದ ತಂದುಕೊಡುವ ಎಳನೀರೂ ಹಾಗೆಯೇ. ಒಂದು ಕಾಯಿಯ ನೀರಿನಲ್ಲಿ ಒಂದು ಬಾಳೆಹಣ್ಣಿಗಿಂತ ಹೆಚ್ಚು ಪೊಟ್ಯಾಶಿಯಂ ಇರಬಹುದು.

ಈ ಪಥ್ಯ ಕಿಡ್ನಿ ಕಾಯಿಲೆಯ ಎಲ್ಲರಿಗೂ ಅಲ್ಲ. ಪೊಟ್ಯಾಶಿಯಂ ಸರಿಯಾಗಿರುವವರು ಸೊಪ್ಪು, ಹಣ್ಣು ಬಿಡಬೇಕಿಲ್ಲ, ಬಿಟ್ಟರೆ ಮಲಬದ್ಧತೆಯೇ ಹೊಸ ತೊಂದರೆಯಾಗುತ್ತದೆ. ಇವರಿಗೂ ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಬರೆದಿದ್ದಾರೆ. ಅಂಕಿ 5ರ ಕೆಳಗೆ ಬಂದರೆ ಮುದ್ದೆಯ ದಿನಗಳನ್ನು ಒಂದೊಂದಾಗಿ ಹೆಚ್ಚಿಸಿ ನೋಡುವುದಾಗಿ ಮಾತು ಕೊಟ್ಟಿದ್ದಾರೆ. ಮುಂದೆ ಡಯಾಲಿಸಿಸ್ ಶುರುವಾದರೆ ಪ್ರೋಟೀನ್ ಲೆಕ್ಕ ತಿರುಗುತ್ತದೆ, ಆಗ ಕೆಜಿಗೆ 1ರಿಂದ 1.2 ಗ್ರಾಂ ಬೇಕು. ಈಗಿರುವ ಒಂದು ಮೊಟ್ಟೆಯ ಜೊತೆಗೆ ಮೂರು ನಾಲ್ಕು ಮೊಟ್ಟೆಯ ಬಿಳಿಯೂ ತಟ್ಟೆಗೆ ಬರಬೇಕಾಗುತ್ತದೆ. ಆ ದಿನ ಈ ಪತ್ರ ಪಕ್ಕಕ್ಕಿಟ್ಟು ನನ್ನ ಹತ್ತಿರ ಬನ್ನಿ, ಬೇರೆ ಬರೆದುಕೊಡುತ್ತೇನೆ ಎಂದು ಎರಡನೇ ಪುಟದ ಕೊನೆಯಲ್ಲಿದೆ.