ಆಫರ್ ಲೆಟರ್ ಬಂದ ಮೇಲಿನ ಮೂರು ವಾರ

ಮಂಜುನಾಥ ತಂದಿದ್ದ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು MANJUNATHA H R ಎಂದಿತ್ತು. ಆಧಾರ್‌ನಲ್ಲಿ Manjunath H R. ಪ್ಯಾನ್ ಕಾರ್ಡಿನಲ್ಲಿ MANJUNATHA HOSAHALLI RANGAPPA. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ H R Manjunath. ನಾಲ್ಕೂ ಅವನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಕಾಗದಗಳನ್ನು ನೋಡಲಿರುವ ತಪಾಸಣೆ ಏಜೆನ್ಸಿಯ ಹುಡುಗಿ ಅವನ ಮುಖವನ್ನೇ ನೋಡಿರುವುದಿಲ್ಲ. ಅವಳ ಕೆಲಸ ಅಕ್ಷರಕ್ಕೆ ಅಕ್ಷರ ಹೋಲಿಸುವುದು.

ಬೆಂಗಳೂರಿನ ಕಂಪನಿಯೊಂದರ ನೇಮಕಾತಿ ವಿಭಾಗದಲ್ಲಿ ನನಗೆ ಹದಿನಾಲ್ಕು ವರ್ಷ ಆಯಿತು. ಸಂದರ್ಶನದಲ್ಲಿ ಗೆದ್ದವರು ಆಮೇಲಿನ ತಪಾಸಣೆಯಲ್ಲಿ ಎಡವುವುದನ್ನು ಪ್ರತಿ ತಿಂಗಳೂ ನೋಡುತ್ತೇನೆ. ಅವರಲ್ಲಿ ಮೋಸಗಾರರು ಕಡಿಮೆ. ತಮ್ಮ ಕಾಗದಗಳು ತಮ್ಮ ಬಗ್ಗೆ ಏನು ಹೇಳುತ್ತಿವೆ ಎಂದು ಒಮ್ಮೆಯೂ ಓದಿ ನೋಡದವರೇ ಹೆಚ್ಚು. ಮಂಜುನಾಥ (ಹೆಸರು ಬದಲಿಸಿದ್ದೇನೆ) ಅಂಥವನು. ಅವನ ಒಪ್ಪಿಗೆ ಪಡೆದು ಅವನ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಆಫರ್ ಲೆಟರಿನ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಹಿನ್ನೆಲೆ ತಪಾಸಣೆ ಮತ್ತು ವೈದ್ಯಕೀಯ ಪರೀಕ್ಷೆ ತೃಪ್ತಿಕರವಾಗಿದ್ದರೆ ಮಾತ್ರ ಈ ಕೆಲಸ ಖಾಯಂ. ಸಂಬಳದ ಅಂಕಿಯ ಮೇಲೆ ಕಣ್ಣಿಟ್ಟವರಿಗೆ ಅದು ಕಾಣುವುದಿಲ್ಲ. ಅದಾದ ಒಂದೆರಡು ದಿನಕ್ಕೆ ಒಂದು ಲಿಂಕ್ ಬರುತ್ತದೆ. ಓದು, ಹಿಂದಿನ ಕೆಲಸಗಳು, ವಿಳಾಸ, ಗುರುತಿನ ಚೀಟಿ ಎಲ್ಲವನ್ನೂ ಅದರಲ್ಲಿ ತುಂಬಿ, ತಪಾಸಣೆಗೆ ಒಪ್ಪಿದ್ದೇನೆಂದು ಸಹಿ ಹಾಕಬೇಕು. ಅಲ್ಲಿಂದ ಎರಡು ಮೂರು ವಾರ ಏಜೆನ್ಸಿಯದು. ಅವರು ವಿಶ್ವವಿದ್ಯಾಲಯಕ್ಕೆ ಪದವಿಯ ಬಗ್ಗೆ ಬರೆದು ಕೇಳುತ್ತಾರೆ, ಹಳೆಯ ಕಂಪನಿಗಳ ಎಚ್‌ಆರ್‌ಗೆ ಮೇಲ್ ಹಾಕುತ್ತಾರೆ, ನ್ಯಾಯಾಲಯದ ದಾಖಲೆಗಳಲ್ಲಿ ಹೆಸರು ಹುಡುಕುತ್ತಾರೆ, ಮನೆಗೆ ಜನ ಕಳಿಸುತ್ತಾರೆ. ಒಂದೊಂದಕ್ಕೂ ಒಂದು ಬಣ್ಣ: ಎಲ್ಲ ಸರಿಯಿದ್ದರೆ ಹಸಿರು, ಸಣ್ಣ ವ್ಯತ್ಯಾಸಕ್ಕೆ ಹಳದಿ, ಸುಳ್ಳು ಸಿಕ್ಕರೆ ಕೆಂಪು.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಂದದ್ದು. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಮನೆತನದ ಹೆಸರು ಎಂಬುದೇ ಬಹಳ ಮನೆಗಳಲ್ಲಿ ಇಲ್ಲ. ಪ್ಯಾನ್ ಅರ್ಜಿಯಾದರೋ ಮೊದಲ ಹೆಸರು, ಕೊನೆಯ ಹೆಸರುಗಳಲ್ಲಿ ಇನಿಶಿಯಲ್ ಒಪ್ಪುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಹೀಗೆ ಹೊಸಹಳ್ಳಿ ರಂಗಪ್ಪನವರ ಮಗ ಒಂದು ಕಡೆ ಎಚ್. ಆರ್., ಇನ್ನೊಂದು ಕಡೆ ಹೊಸಹಳ್ಳಿ ರಂಗಪ್ಪ. ಜೊತೆಗೆ ಕನ್ನಡದ ‘ಥ’ವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ಒಂದು a ಇರಬೇಕೇ ಬೇಡವೇ ಎಂಬುದನ್ನು ಆಯಾ ಕಚೇರಿಯ ಗುಮಾಸ್ತರೇ ತೀರ್ಮಾನಿಸಿರುತ್ತಾರೆ.

ಇದಕ್ಕೆ ಅಂಕಪಟ್ಟಿ ತಿದ್ದಿಸಲು ಓಡಾಡಬೇಕಾಗಿಲ್ಲ. ನನ್ನ ಸಲಹೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಮೂಲವೆಂದು ಇಟ್ಟುಕೊಳ್ಳಿ. ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ, ಆಧಾರ್ ಮತ್ತು ಬ್ಯಾಂಕ್ ಖಾತೆ ತಿದ್ದುವುದು ಸುಲಭ. ಸಮಯ ಸಾಲದಿದ್ದರೆ ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯಿಂದ ಸಹಿ ಹಾಕಿಸಿ. ಮಂಜುನಾಥ ಅದನ್ನೇ ಮಾಡಿದ, ಅರ್ಧ ದಿನದ ಕೆಲಸ. ಅಫಿಡವಿಟ್ಟಿನಲ್ಲಿ ನಾಲ್ಕೂ ಹೆಸರು ಕಾಗದದಲ್ಲಿರುವಂತೆಯೇ, ಚುಕ್ಕಿ ಸಮೇತ, ಬರಬೇಕು. ಒಂದು ಬಿಟ್ಟುಹೋದರೂ ಮತ್ತೆ ಹೋಗಬೇಕಾಗುತ್ತದೆ.

ಅವನ ನಿಜವಾದ ಕಷ್ಟ ಇದ್ದದ್ದು ಪಿಎಫ್‌ನಲ್ಲಿ. 2018ರ ಜೂನ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಒಂದು ಸಣ್ಣ ಕಂಪನಿ, 2020ರ ನವೆಂಬರ್‌ನಿಂದ ಇನ್ನೊಂದು ಎಂದು ಅವನ ರೆಸ್ಯೂಮೆ ಹೇಳುತ್ತಿತ್ತು. ಏಜೆನ್ಸಿಯವರು ಅವನ ಯುಎಎನ್ ಸಂಖ್ಯೆಯಿಂದ ತೆಗೆಸಿದ ಸೇವಾ ಚರಿತ್ರೆ ಬೇರೆಯದನ್ನೇ ಹೇಳುತ್ತಿತ್ತು. ಮೊದಲ ಕಂಪನಿ ಬಿಟ್ಟ ದಿನಾಂಕದ ಜಾಗ ಖಾಲಿ. ಅಂದರೆ ದಾಖಲೆಯ ಪ್ರಕಾರ ಅವನು ಅಲ್ಲಿ ಇನ್ನೂ ಕೆಲಸದಲ್ಲಿದ್ದಾನೆ, ಎರಡನೆಯ ಕಡೆಯೂ ಇದ್ದಾನೆ. ಏಕಕಾಲಕ್ಕೆ ಎರಡು ನೌಕರಿ! ಈಚಿನ ವರ್ಷಗಳಲ್ಲಿ ಕಂಪನಿಗಳು ಅತಿ ಹೆಚ್ಚು ಕಣ್ಣಿಟ್ಟಿರುವುದು ಇದರ ಮೇಲೆಯೇ.

ಅವನನ್ನು ಕರೆದು ಕೇಳಿದೆ. ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದು ಹೇಳಿದ: “ಲಾಕ್‌ಡೌನ್ ಆದಾಗ ಏಪ್ರಿಲ್‌ನಿಂದಲೇ ಸಂಬಳ ನಿಂತುಹೋಯ್ತು ಮೇಡಂ. ಕೆಲಸ ಹೋಯ್ತು ಅಂತ ಯಾರೂ ಹೇಳ್ಲಿಲ್ಲ, ರಿಲೀವಿಂಗ್ ಲೆಟರೂ ಕೊಡ್ಲಿಲ್ಲ. ಸೆಪ್ಟೆಂಬರ್‌ನಲ್ಲಿ ಆಫೀಸಿಗೆ ಬೀಗ ಬಿತ್ತು. ಏಳು ತಿಂಗಳು ಊರಲ್ಲಿ ಸುಮ್ನೆ ಇದ್ದೆ ಅಂತ ಬರೆದ್ರೆ ಯಾರು ಕೆಲಸ ಕೊಡ್ತಾರೆ ಅಂತ ಹೆದರಿಕೆ ಆಯ್ತು.”

ನನಗೆ ಬೇಸರವಾದದ್ದು ಇಲ್ಲೇ. 2020ರಲ್ಲಿ ಕೆಲಸ ಕಳೆದುಕೊಂಡದ್ದನ್ನು ಯಾವ ಕಂಪನಿಯೂ ತಪ್ಪೆಂದು ಎಣಿಸುವುದಿಲ್ಲ. ಖಾಲಿ ಕೂತ ತಿಂಗಳುಗಳಿಗೆ ಕಾರಣ ಕೇಳುತ್ತಾರೆ, ಹೇಳಿದರೆ ಮುಗಿಯಿತು. ಕೆಡುವುದು ಫಾರ್ಮ್ ಒಂದು ಹೇಳಿ ದಾಖಲೆ ಇನ್ನೊಂದು ಹೇಳಿದಾಗ. ಅವನು ಮುಚ್ಚಿಟ್ಟ ಏಳು ತಿಂಗಳು ಯಾರನ್ನೂ ಕಾಡುತ್ತಿರಲಿಲ್ಲ, ಮುಚ್ಚಿಟ್ಟದ್ದೇ ಕಾಡಿತು.

ಖಾಲಿ ಉಳಿದ ದಿನಾಂಕವನ್ನು ಕಂಪನಿ ತುಂಬದಿದ್ದರೆ ನಾವೇ ತುಂಬಬಹುದು. ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ Manage ಅಡಿಯಲ್ಲಿ Mark Exit ಎಂಬ ಆಯ್ಕೆ ಇದೆ. ಕೊನೆಯ ಪಿಎಫ್ ಹಣ ಜಮೆಯಾಗಿ ಎರಡು ತಿಂಗಳು ಕಳೆದಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಒಂದು ಮಿತಿಯಿದೆ: ಕೊನೆಯ ಬಾರಿ ಹಣ ಕಟ್ಟಿದ ತಿಂಗಳೊಳಗಿನ ದಿನಾಂಕವನ್ನೇ ಹಾಕಬೇಕು. ಮಂಜುನಾಥನಿಗೆ ಕೊನೆಯದಾಗಿ ಪಿಎಫ್ ಕಟ್ಟಿದ್ದು 2020ರ ಮಾರ್ಚ್ ತಿಂಗಳಿಗೆ. ಆದ್ದರಿಂದ ಮಾರ್ಚ್ 31 ಎಂದು ಹಾಕಿದ, ಫಾರ್ಮಿನಲ್ಲಿದ್ದ ಸೆಪ್ಟೆಂಬರನ್ನೂ ಮಾರ್ಚ್ ಎಂದು ತಿದ್ದಿದ. ನಡುವಿನ ಏಳು ತಿಂಗಳಿಗೆ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು ನಮಗೆ ಮೇಲ್ ಮಾಡಿದ.

ಇನ್ನು ರಿಲೀವಿಂಗ್ ಲೆಟರ್. ಮುಚ್ಚಿದ ಕಂಪನಿಯಿಂದ ಅದನ್ನು ತರುವುದಾದರೂ ಎಲ್ಲಿಂದ? ಅದಕ್ಕೆ ಬದಲಾಗಿ ಅಂದಿನ ನೇಮಕಾತಿ ಪತ್ರ, ಸಂಬಳ ಬಿದ್ದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಮತ್ತು ಪಿಎಫ್ ಸೇವಾ ಚರಿತ್ರೆ ಕೊಟ್ಟ. ನಾಲ್ಕೂ ಒಂದೇ ಮಾತು ಹೇಳಿದ್ದರಿಂದ ಒಪ್ಪಿಕೊಂಡೆವು. ಅವನ ಗೆಳೆಯನೊಬ್ಬ ಆ ವಾರವೇ ಇನ್ನೊಂದು ದಾರಿ ತೋರಿಸಿದ್ದನಂತೆ. ದುಡ್ಡು ಕೊಟ್ಟರೆ ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರ ಮಾಡಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಅಂಥ ಹೆಸರಿಗಷ್ಟೇ ಇರುವ ಕಂಪನಿಗಳ ಪಟ್ಟಿಯನ್ನೇ ಏಜೆನ್ಸಿಗಳು ಇಟ್ಟುಕೊಂಡಿರುತ್ತವೆ. ಆ ಪತ್ರ ಕೊಟ್ಟಿದ್ದರೆ ಹಳದಿಯಲ್ಲಿ ಮುಗಿದದ್ದು ಕೆಂಪಾಗುತ್ತಿತ್ತು. ಕೆಂಪಾದರೆ ನಾನು ಏನು ಹೇಳಿದರೂ ನಡೆಯುವುದಿಲ್ಲ.

ವಿಳಾಸದ ತಪಾಸಣೆಯಲ್ಲೂ ಒಂದು ಸಣ್ಣ ಘಟನೆಯಾಯಿತು. ಖಾಯಂ ವಿಳಾಸವೆಂದು ಊರಿನದನ್ನು ಕೊಟ್ಟಿದ್ದ. ಬೈಕಿನಲ್ಲಿ ಬಂದ ತಪಾಸಣೆಯವನು ಮಂಜುನಾಥ್ ಎಚ್. ಆರ್. ಮನೆ ಯಾವುದೆಂದು ಕೇಳಿದರೆ ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿ ಅವನು ರಂಗಪ್ಪನ ಮಗ ಮಂಜ. ಹೇಗೋ ಮನೆ ಸಿಕ್ಕಿತು. “ನಿಮ್ಮ ಮಗ ಇಲ್ಲೇ ಇರ್ತಾರಾ ಅಮ್ಮ?” ಎಂದು ಕೇಳಿದ. “ಇಲ್ಲಪ್ಪ, ಬೆಂಗ್ಳೂರಲ್ಲಿ ಅವ್ನೆ, ಹಬ್ಬಕ್ಕೆ ಬತ್ತಾನೆ” ಎಂದು ತಾಯಿ ಇದ್ದುದನ್ನು ಇದ್ದ ಹಾಗೆ ಹೇಳಿದರು. ವರದಿಯಲ್ಲಿ ‘ಅಭ್ಯರ್ಥಿ ಈ ವಿಳಾಸದಲ್ಲಿ ವಾಸವಿಲ್ಲ’ ಎಂದು ಬಂತು. ಮನೆಯವರಿಗೆ ಮೊದಲೇ ಒಂದು ಫೋನ್ ಮಾಡಿ, ಹೀಗೊಬ್ಬರು ಬರುತ್ತಾರೆ, ಇದು ಅವನ ಖಾಯಂ ಮನೆ ಎಂದು ಹೇಳಿ ರೇಷನ್ ಕಾರ್ಡ್ ತೋರಿಸಿ ಎಂದಿದ್ದರೆ ಸಾಕಿತ್ತು. ಪಿಜಿಯಲ್ಲಿರುವವರು ಮಾಲೀಕರಿಗೂ ಹಾಗೆಯೇ ಹೇಳಿಡಿ.

ನ್ಯಾಯಾಲಯದ ದಾಖಲೆ ಹುಡುಕುವಾಗ ಮಂಜುನಾಥರ ದಂಡೇ ಸಿಗುತ್ತದೆ. ತಂದೆಯ ಹೆಸರು, ವಿಳಾಸ, ವಯಸ್ಸು ನೋಡಿ ಬೇರೆಯವರನ್ನು ಬಿಡುತ್ತಾರೆ. ನಿಜವಾಗಿಯೂ ಪ್ರಕರಣವೇನಾದರೂ ಇದ್ದರೆ, ಖುಲಾಸೆಯಾಗಿದ್ದರೂ, ಫಾರ್ಮಿನಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು. ಸರ್ಕಾರಿ ನೌಕರಿಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು: ಶಿಕ್ಷೆ, ಖುಲಾಸೆ, ಬಾಕಿ ಇರುವ ಕೇಸು ಯಾವುದನ್ನೂ ಮುಚ್ಚಿಡಬಾರದು. ಕ್ಷುಲ್ಲಕ ಪ್ರಕರಣವಾದರೆ ಮುಚ್ಚಿಟ್ಟದ್ದನ್ನು ಅಧಿಕಾರಿ ಮನ್ನಿಸಬಹುದು ಎಂದೂ ಹೇಳಿತು.

ವೈದ್ಯಕೀಯ ಪರೀಕ್ಷೆಗೆ ಮಂಜುನಾಥ ಹೆದರಿದ್ದು ಎಲ್ಲಕ್ಕಿಂತ ಹೆಚ್ಚು. ಅಪ್ಪನಿಗೆ ಸಕ್ಕರೆ ಕಾಯಿಲೆ, ತನಗೂ ಇರಬಹುದೆಂಬ ಅಂಜಿಕೆ. ರಾತ್ರಿ ಊಟವಾದ ಮೇಲೆ ಹತ್ತು ಗಂಟೆ ನೀರು ಬಿಟ್ಟು ಬೇರೇನೂ ಮುಟ್ಟದೆ ಬೆಳಿಗ್ಗೆ ಲ್ಯಾಬಿಗೆ ಹೋದ. ರಕ್ತ, ಮೂತ್ರ, ಬಿಪಿ, ಎದೆಯ ಎಕ್ಸ್‌ರೇ, ಇಸಿಜಿ, ಕಣ್ಣು. ಖಾಲಿ ಹೊಟ್ಟೆಯ ಸಕ್ಕರೆ 148 ಬಂತು, 126 ದಾಟಿದರೆ ಮಧುಮೇಹದ ಶಂಕೆ. ಕೆಲಸ ಹೋಯಿತೆಂದೇ ತಿಳಿದು ನನಗೆ ಫೋನ್ ಮಾಡಿದ.

ಹಾಗೇನೂ ಆಗುವುದಿಲ್ಲ. ಈ ಕೆಲಸವನ್ನು ಈ ದೇಹ ಮಾಡಬಲ್ಲದೇ ಎಂಬುದಷ್ಟೇ ಪರೀಕ್ಷೆಯ ಪ್ರಶ್ನೆ. ಕಂಪ್ಯೂಟರ್ ಮುಂದಿನ ಕೆಲಸಕ್ಕೆ ಸಕ್ಕರೆ ಅಡ್ಡಿಯಲ್ಲ. ಅದೇ ಬಣ್ಣಗುರುಡು ರೈಲು ಓಡಿಸುವವರಿಗೆ ಅಡ್ಡಿ, ಅವರು ಸಿಗ್ನಲ್‌ನ ಕೆಂಪು ಹಸಿರು ಗುರುತಿಸಲೇಬೇಕು. ಮಂಜುನಾಥನ ಪ್ರಮಾಣಪತ್ರದಲ್ಲಿ ವೈದ್ಯರು ‘ಕೆಲಸಕ್ಕೆ ಅರ್ಹ’ ಎಂದು ಬರೆದು, ಮತ್ತೊಮ್ಮೆ ರಕ್ತ ಪರೀಕ್ಷಿಸಿ ವೈದ್ಯರನ್ನು ಕಾಣಿ ಎಂದು ಸೂಚಿಸಿದರು. ಔಷಧಿ ತೆಗೆದುಕೊಳ್ಳುವವರು ಅದನ್ನು ಮುಚ್ಚಿಡದೆ, ಚೀಟಿಯನ್ನೇ ಜೊತೆಗೆ ಒಯ್ಯುವುದು ಒಳ್ಳೆಯದು.

ಎರಡು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ಕೇಳಬಹುದು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ. 2017ರ ಎಚ್‌ಐವಿ ಏಡ್ಸ್ ಕಾಯ್ದೆ ಅದನ್ನು ನಿಷೇಧಿಸಿದೆ. ಪರೀಕ್ಷೆಗಳ ಪಟ್ಟಿಯಲ್ಲಿ ಅದು ಕಂಡರೆ ಯಾಕೆಂದು ಕೇಳಿ. ಇನ್ನೊಂದು, ಗರ್ಭಿಣಿಯರದ್ದು. ಮೂರು ತಿಂಗಳು ದಾಟಿದ ಗರ್ಭಿಣಿಯರನ್ನು ತಾತ್ಕಾಲಿಕವಾಗಿ ಅನರ್ಹರೆಂದು ಕಾಣುವ ಸೂಚನೆಯನ್ನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಹೊರಡಿಸಿ, ದೇಶದೆಲ್ಲೆಡೆ ವಿರೋಧ ಬಂದಾಗ 2022ರ ಜನವರಿಯಲ್ಲಿ ತಡೆಹಿಡಿಯಿತು. ಗರ್ಭಿಣಿಯಾಗಿದ್ದರೆ ಅಥವಾ ಆ ಸಾಧ್ಯತೆ ಇದ್ದರೆ ಎಕ್ಸ್‌ರೇ ಕೋಣೆಗೆ ಹೋಗುವ ಮೊದಲೇ ಅಲ್ಲಿಯ ಸಿಬ್ಬಂದಿಗೆ ಹೇಳಿ.

ಮಂಜುನಾಥನ ವರದಿ ಹತ್ತೊಂಬತ್ತನೆಯ ದಿನ ಬಂತು. ಹಳೆಯ ಕೆಲಸದ ಸಾಲಿನಲ್ಲಿ ಹಳದಿ, ಉಳಿದೆಲ್ಲ ಹಸಿರು. ಅವನ ಮೇಲ್ ಮತ್ತು ಕಾಗದಗಳನ್ನು ಲಗತ್ತಿಸಿ ಕಳಿಸಿದೆ, ನಮ್ಮ ಮ್ಯಾನೇಜರ್ ಅದೇ ಸಂಜೆ ಒಪ್ಪಿದರು. ಸೇರುವ ದಿನ ಅಸಲು ಅಂಕಪಟ್ಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮೇಜಿನ ಮೇಲಿಟ್ಟು, “ಇಲ್ಲೇ ಬಿಟ್ಟು ಹೋಗ್ಲಾ ಮೇಡಂ?” ಎಂದ. ನಕಲಿನ ಜೊತೆ ಹೋಲಿಸಿ ನೋಡಿ ಎಲ್ಲವನ್ನೂ ವಾಪಸ್ ಕೊಟ್ಟೆ. ಅಸಲು ಕಾಗದಗಳನ್ನು ಯಾವ ಕಂಪನಿಯ ಬೀರುವಿನಲ್ಲೂ ಬಿಟ್ಟು ಬರಬೇಡ ಎಂದೆ. ಒಂದೊಂದಾಗಿ ಎಣಿಸಿ ಕವರಿಗೆ ಹಾಕಿಕೊಂಡ.